ಒಂಬತ್ತು ಜನರ ಮಾತು

ಶಿಗ್ಗಾಂವದಿಂದ ಸವಣೂರಿಗೆ ಹೋಗುವ ದಾರಿಯಲ್ಲಿ, ಊರು ದಾಟಿ ಅರ್ಧ ಮೈಲಿಗೆ, ಹತ್ತಿಯಿಂದ ಕಾಳು ಬೇರೆ ಮಾಡುವ ಒಂದು ಜಿನ್ನಿಂಗ್ ಫ್ಯಾಕ್ಟರಿ ಇತ್ತು. ಸುಗ್ಗಿಯ ನಾಲ್ಕು ತಿಂಗಳು ಅಲ್ಲಿ ಇಪ್ಪತ್ನಾಲ್ಕು ಮಷೀನುಗಳು ಬೆಳಗಿನಿಂದ ಬೈಗಿನವರೆಗೆ ತಿರುಗುತ್ತಿದ್ದವು. ಒಂದೊಂದು ಮಷೀನಿನ ಮುಂದೆ ಒಬ್ಬೊಬ್ಬ ಹೆಂಗಸು ನಿಂತು ಹತ್ತಿ ಉಣಿಸುತ್ತಿದ್ದಳು. ಅವರೆಲ್ಲರ ಮೇಲೆ ಮುಕಾದಮ ಗುದ್ಲೆಪ್ಪ. ಅವನ ಕೈಯಲ್ಲಿ ಮಷೀನಿನ ಹಳೆಯ ಚರ್ಮದ ಪಟ್ಟಾದ ತುಂಡೊಂದು ಯಾವಾಗಲೂ ಇರುತ್ತಿತ್ತು. ಅದರ ಬರೆ ಕಾಣದ ಬೆನ್ನು ಆ ಶೆಡ್ಡಿನಲ್ಲಿ ಕಡಿಮೆ.

೧೯೫೯ರ ಸುಗ್ಗಿಯಲ್ಲಿ ಗುದ್ಲೆಪ್ಪನನ್ನು ಸುಪರವೈಜರನನ್ನಾಗಿ ಕಾಯಂ ಮಾಡುವ ಮಾತು ಬಂತು. ಹೊಸ ಮ್ಯಾನೇಜರ ಸಾಹೇಬರು ಪುಣೆಯಲ್ಲಿ ಮೂರು ತಿಂಗಳು ತರಬೇತಿ ಮುಗಿಸಿ ಬಂದವರು. ಒಬ್ಬ ಮನುಷ್ಯನ ಕೆಲಸದ ಬಗ್ಗೆ ಮೇಲಿನವರನ್ನಷ್ಟೇ ಕೇಳಿದರೆ ಸಾಲದು, ಅವನ ಸರಿಸಮಾನರನ್ನೂ ಕೈಕೆಳಗಿನವರನ್ನೂ ಕೇಳಬೇಕು, ಎಲ್ಲರ ಮಾತನ್ನೂ ಕೂಡಿಸಿ ಒಂದು ಹಾಳೆಯಲ್ಲಿ ಬರೆದು ಅವನ ಕೈಗೇ ಕೊಡಬೇಕು, ಒಳ್ಳೆಯದೂ ತಿದ್ದಿಕೊಳ್ಳುವುದೂ ಅವನಿಗೆ ತಿಳಿಯಬೇಕು ಎಂದು ಅವರು ಹೇಳಿದರು. ಯಾರು ಏನು ಹೇಳಿದರೆಂಬುದು ಮಾತ್ರ ಅವನಿಗೆ ತಿಳಿಯಬಾರದು, ತಮಗೂ ಬೇಡ. ಹಾಳೆ ಬರೆದಾದ ಕೂಡಲೇ ಮೂಲದ ಚೀಟಿಗಳನ್ನು ಹರಿದು ಸುಡಬೇಕು.

ಈ ಕೆಲಸ ಹೆಡ್ ಕ್ಲಾರ್ಕ ವಾದಿರಾಜಾಚಾರ್ಯರ ಪಾಲಿಗೆ ಬಂತು. ಕೂಲಿಯವರ ಕಾಗದ ಓದಿ ಹೇಳುವವರು, ಬರೆದು ಕೊಡುವವರು ಅವರೇ. ಒಬ್ಬರ ಮನೆಯ ಮಾತನ್ನು ಇನ್ನೊಬ್ಬರಿಗೆ ಹೇಳಿದವರಲ್ಲ. ಮೇಲಿನವರು ಒಬ್ಬರು, ಸರಿಸಮಾನರು ಮೂವರು, ಕೈಕೆಳಗಿನವರು ಐವರು, ಹೀಗೆ ಒಂಬತ್ತು ಜನರನ್ನು ಆಚಾರ್ಯರು ಒಬ್ಬೊಬ್ಬರನ್ನಾಗಿ ತೂಕದ ಕೋಣೆಗೆ ಕರೆಸಿ ಕೇಳಿ, ಅವರವರ ಮಾತನ್ನು ಹೆಸರಿನ ಸಮೇತ ಒಂದೊಂದು ಚೀಟಿಯಲ್ಲಿ ಬರೆದುಕೊಂಡರು. ನಿಮ್ಮ ಹೆಸರು ಈ ಬಾಗಿಲು ದಾಟುವುದಿಲ್ಲ ಎಂದು ಪ್ರತಿಯೊಬ್ಬರಿಗೂ ದೇವರ ಮೇಲೆ ಮಾತು ಕೊಟ್ಟರು.

ಒಂಬತ್ತು ಚೀಟಿಗಳನ್ನು ಮುಂದಿಟ್ಟುಕೊಂಡು ಅವರು ಎರಡು ದಿನ ಕೂತರು. ಮೊದಮೊದಲು ಕೆಲಸ ಸಲೀಸಾಗಿಯೇ ನಡೆಯಿತು. ಮಷೀನಿನ ಸದ್ದು ಕೇಳಿಯೇ ದೋಷ ಹೇಳುತ್ತಾನೆ, ಹೊತ್ತಿಗೆ ಸರಿಯಾಗಿ ಶೆಡ್ಡು ಚಾಲೂ ಮಾಡುತ್ತಾನೆ ಎಂದು ಏಳು ಜನ ಹೇಳಿದ್ದರು. ಅದನ್ನೆಲ್ಲ ‘ಕೆಲಸದ ತಿಳಿವಳಿಕೆ’ ಎಂಬ ತಲೆಬರಹದಡಿ ಬರೆದರು. ಹಗುರ ಕೆಲಸವನ್ನು ತನ್ನವರಿಗೇ ಕೊಡುತ್ತಾನೆ ಎಂದು ನಾಲ್ವರು, ಸರದಿಯಂತೆ ಕೊಡುತ್ತಾನೆ ಎಂದು ಇಬ್ಬರು. ಈ ಎರಡನ್ನೂ ಒಟ್ಟಿಗೆ ಬರೆದು, ಈ ವಿಷಯದಲ್ಲಿ ಅಭಿಪ್ರಾಯ ಒಂದೇ ಇಲ್ಲ ಎಂದರು. ಒಬ್ಬರೇ ಹೇಳಿದ ಒಂದು ಮಾತನ್ನು, ಹೇಳಿದವರ ಗುರುತು ಸಿಕ್ಕೀತೆಂದು, ಬಿಟ್ಟರು.

ಮೂರನೆಯದು ಸಿಟ್ಟಿನ ವಿಷಯ. ಐದು ಚೀಟಿಗಳಲ್ಲಿ ಅದಿತ್ತು. ಹೊಡೆಯುತ್ತಾನೆ ಎಂಬುದನ್ನು ಈ ಹಾಳೆಯಲ್ಲಿ ಬರೆಯುವುದಕ್ಕಿಂತ ಬೇರೆ ವಿಚಾರಣೆಗೆ ಕಳಿಸುವುದು ಸರಿ ಎಂದು ಆಚಾರ್ಯರು ಸಾಹೇಬರಿಗೆ ಹೇಳಿದರು. ಸುಗ್ಗಿ ಮುಗಿದ ಮೇಲೆ ನೋಡೋಣ, ಈಗ ಮೆತ್ತಗೆ ಬರೀರಿ ಎಂದರು ಸಾಹೇಬರು. ಮೆತ್ತಗೆ ಬರೆಯಲು ಕೂತಾಗ ಆಚಾರ್ಯರ ಕೈ ತಡೆಯಿತು. ಅವರ ಅಪ್ಪ, ಅಜ್ಜ, ಮುತ್ತಜ್ಜ ಎಲ್ಲರೂ ಗ್ರಂಥ ಪಾಠ ಹೇಳಿದವರು. ಇನ್ನೊಬ್ಬರ ಮಾತಿನ ಒಂದಕ್ಷರ ಬದಲಿಸಿದರೂ ಪಾಪ ಎಂದು ಮೂರು ತಲೆಮಾರು ನಂಬಿದ ಮನೆ ಅದು. ಆ ಐವರಲ್ಲಿ ನಾಲ್ವರ ಮಾತನ್ನು ಹೇಗೋ ಕೂಡಿಸಿದರು. ಐದನೆಯದು ಎಷ್ಟು ಸತ್ಯವಾಗಿತ್ತೆಂದರೆ ಅದನ್ನು ಮುರಿಯಲು ಮನಸ್ಸು ಬರಲಿಲ್ಲ. ‘ಸಿಟ್ಟು ಬಂದ್ರ ಮದಗದ ಕೆರೀ ತೂಬು ಕಿತ್ತಂಗ, ಮುಂದ ಯಾರದಾರ ಅಂತ ನೋಡೂದಿಲ್ಲ’ ಎಂದು ಇದ್ದದ್ದನ್ನು ಇದ್ದ ಹಾಗೆಯೇ ಬರೆದರು. ಹೆಸರು ಬರೆದಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡರು. ಇನ್ನೊಬ್ಬರ ಮಾತೆಂಬ ಕಾರಣಕ್ಕೇ ಚೀಟಿಗಳನ್ನು ಸುಡಲೂ ಕೈ ಬರದೆ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟು ಕೀಲಿ ಹಾಕಿದರು. ಕೀಲಿಕೈಯನ್ನು ಎಂದಿನಂತೆ ಜನಿವಾರಕ್ಕೆ ಕಟ್ಟಿಕೊಂಡರು.

ಮರುದಿನ ಮಧ್ಯಾಹ್ನ ಸಾಹೇಬರು ಗುದ್ಲೆಪ್ಪನನ್ನು ಕರೆಸಿ, ಹಾಳೆಯನ್ನು ಓದಿ ಹೇಳಿ ಕೈಗೆ ಕೊಟ್ಟರು. ಮೂರನೆಯ ಇಯತ್ತೆ ಕಲಿತಿದ್ದ ಗುದ್ಲೆಪ್ಪ ತಾನೂ ಇನ್ನೊಮ್ಮೆ ಬೆರಳಿಟ್ಟು ಓದಿದ. ಮೊದಲಿನ ಸಾಲುಗಳಿಗೆ ಮೀಸೆಯಲ್ಲಿ ನಕ್ಕ. ಕೊನೆಯ ಸಾಲಿಗೆ ಬಂದಾಗ ಅವನ ಬೆರಳು ಬಹಳ ಹೊತ್ತು ನಿಂತಿತು.

“ಭಾಳ ಚಂದ ಬರದೀರಿ, ಆಚಾರ್ರ,” ಎಂದು ಅಲ್ಲೇ ಬದಿಗೆ ಕೂತಿದ್ದ ಆಚಾರ್ಯರಿಗೆ ಹೇಳಿದ.

ಹಾಳೆಯನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಹೊರಗೆ ಹೋದ. ಅವನ ನಡಿಗೆ ನೋಡಿದಾಗ ಆಚಾರ್ಯರಿಗೆ ಆ ಸಾಲಿನ ಕೆರೆ ಹೊಳೆಯಿತು. ಶಿಗ್ಗಾಂವದ ಸುತ್ತಲಿನ ಹೆಂಗಸರ ಬಾಯಲ್ಲಿ ಮದಗದ ಕೆರೆ ಬರುವುದಿಲ್ಲ. ಅದು ಹಿರೇಕೆರೂರ ಕಡೆಯದು, ಮಾಸೂರಿನ ಬಗಲಿಗಿರುವ ಕೆರೆ. ಇಡೀ ಶೆಡ್ಡಿನಲ್ಲಿ ಮಾಸೂರಿನ ಮಗಳು ಒಬ್ಬಳೇ. ಏಳನೆಯ ಮಷೀನಿನ ಕರೆವ್ವ, ಹತ್ತಿ ತುಂಬಿದ ಅಂಡಿಗೆ ಹೊರುವ ನೀಲಪ್ಪನ ಹೆಂಡತಿ.

ಆಚಾರ್ಯರು ಪಂಚೆ ಎತ್ತಿ ಹಿಡಿದು ಓಡಿದರು. ಐವತ್ತೆಂಟರ ಕಾಲುಗಳು ಎಷ್ಟು ಓಡಾವು.

ಅವರು ಶೆಡ್ಡಿನ ಬಾಗಿಲಿಗೆ ಬರುವಷ್ಟರಲ್ಲಿ ಮೊದಲ ಏಟು ಬಿದ್ದಾಗಿತ್ತು. ಪಟ್ಟಾದ ತುಂಡು ಕರೆವ್ವನ ಕುತ್ತಿಗೆ ಸುತ್ತಿ ಕೆನ್ನೆ ಸೀಳಿತ್ತು. ಎರಡನೆಯದು ಕಿವಿಯ ಮೇಲೆ ಬಿತ್ತು. ಬೆಂಡೋಲೆ ಹರಿದು ಹತ್ತಿಯ ರಾಶಿಯಲ್ಲಿ ಎಲ್ಲೋ ಹೋಯಿತು. “ತೂಬು ಕಿತ್ತೈತಿ, ನೋಡಲೇ,” ಎನ್ನುತ್ತ ಗುದ್ಲೆಪ್ಪ ಮೂರನೆಯದನ್ನು ಬೀಸಿದ. ಅದನ್ನು ತಪ್ಪಿಸಿಕೊಳ್ಳಲು ಕರೆವ್ವ ಹಿಂದಕ್ಕೆ ಸರಿದಳು, ಆಸರೆಗೆಂದು ಬಲಗೈ ಊರಿದಳು. ಆ ಕೈ ಊರಿದ್ದು ತಿರುಗುವ ರೋಲರಿನ ಮೇಲೆ.

ಚರ್ಮದ ರೋಲರು ಹತ್ತಿಯನ್ನು ಎಳೆದುಕೊಳ್ಳುವ ಹಾಗೆಯೇ ಬೆರಳುಗಳನ್ನು ಎಳೆದುಕೊಂಡಿತು. ಮೇಲೆ ಆಡುವ ಚೂರಿ ಕಾಳು ಬಡಿಯುವ ಹಾಗೆಯೇ ಬಡಿಯಿತು. ಅವಳ ಕೂಗು ಇಪ್ಪತ್ನಾಲ್ಕು ಮಷೀನುಗಳ ಸದ್ದಿನ ಮೇಲೆ ಎದ್ದಿತು. ಮಷೀನಿನ ಆಚೆ ಬೀಳುತ್ತಿದ್ದ ಬಿಳಿ ಅರಳೆ ಕೆಂಪಾಗಿ ಬೀಳತೊಡಗಿತು. ಫಿಟ್ಟರ ಮಕ್ತುಮಸಾಬ ಹಾರಿ ಬಂದು ಕೋಲಿನಿಂದ ಪಟ್ಟಾವನ್ನು ಗಾಲಿಯ ಮೇಲಿಂದ ತಳ್ಳಿ ಮಷೀನು ನಿಲ್ಲಿಸುವ ಹೊತ್ತಿಗೆ ಮೂರು ಬೆರಳು ಹೋಗಿದ್ದವು.

ಹೆಂಗಸರು ಸೆರಗು ಹರಿದು ಕೈಗೆ ಸುತ್ತಿದರು. ನೀಲಪ್ಪ ಅಂಡಿಗೆ ಒಗೆದು ಓಡಿ ಬಂದು, ಯಾರನ್ನೂ ನೋಡದೆ ಹೆಂಡತಿಯನ್ನು ಹೆಗಲಿಗೆ ಹಾಕಿಕೊಂಡು ಚಕ್ಕಡಿಯತ್ತ ನಡೆದ. ಅವರ ದಾರಿಯುದ್ದಕ್ಕೂ ರಕ್ತದ ಹನಿ. ಆಚಾರ್ಯರು ಆ ಹನಿಗಳನ್ನು ನೋಡುತ್ತ ಆಫೀಸಿಗೆ ಮರಳಿದರು. ಅವರಿಗೆ ಒಂದೇ ವಿಚಾರ. ಪೆಟ್ಟಿಗೆಯಲ್ಲಿ ಇನ್ನೂ ಎಂಟು ಜನರ ಹೆಸರಿದೆ.

ಅದೇ ವಿಚಾರ ಗುದ್ಲೆಪ್ಪನಿಗೂ ಬಂದಿತ್ತು. ಅವನು ಹಿಂದೆಯೇ ಬಂದು ಬಾಗಿಲಿಗೆ ಅಗಳಿ ಹಾಕಿದ. ಅಂಗಿಯ ಮೇಲೆ ಕರೆವ್ವನ ರಕ್ತ ಇನ್ನೂ ಹಸಿಯಿತ್ತು.

“ಒಬ್ಬಾಕಿ ಸಿಕ್ಕಳು,” ಎಂದ. “ಉಳದಾವ್ರು ಯಾರು?”

“ಹೇಳಂಗಿಲ್ಲ, ಗುದ್ಲೆಪ್ಪ.”

“ಆಕೀ ಹೆಸರ ಹೇಳೀರಲ್ಲ.”

ಗುದ್ಲೆಪ್ಪನ ಕಣ್ಣು ಜನಿವಾರಕ್ಕೆ ತೂಗುತ್ತಿದ್ದ ಕೀಲಿಕೈಯ ಮೇಲೆ ಬಿದ್ದುದನ್ನು ಕಂಡು ಆಚಾರ್ಯರು ಅದನ್ನು ಕಿತ್ತು ಬಾಯಿಗೆ ಹಾಕಿಕೊಂಡರು. ಹನ್ನೊಂದನೆಯ ವರ್ಷದಿಂದ ಮೈಮೇಲಿದ್ದ ದಾರ ಅವರ ಕೈಯಿಂದಲೇ ಹರಿಯಿತು. ಗುದ್ಲೆಪ್ಪ ಅವರ ಗಂಟಲು ಹಿಡಿದು ಗೋಡೆಗೆ ಒತ್ತಿದ. ದವಡೆ ಬಿಡಿಸಲು ಗುದ್ದಿದ. ಮುಂದಿನ ಎರಡು ಹಲ್ಲು ಒಳಗೆ ಮುರಿದವು, ಕೀಲಿಕೈಯ ಸುತ್ತ ಬಾಯಿ ತುಂಬ ಉಪ್ಪುಪ್ಪು ರಕ್ತ. ಆಚಾರ್ಯರು ಹಲ್ಲುಕಚ್ಚಿ ಮನಸ್ಸಿನಲ್ಲಿಯೇ ಪ್ರಾಣದೇವರನ್ನು ನೆನೆದರು. ಬದುಕಿಸು ಎಂದು ಕೇಳಲಿಲ್ಲ. ಬಾಯಿ ತೆಗೆಸಬೇಡ ಎಂದಷ್ಟೇ ಕೇಳಿದರು.

ಕೀಲಿ ಸಿಗದೆ ಗುದ್ಲೆಪ್ಪ ಅವರನ್ನು ಬಿಟ್ಟು ಪೆಟ್ಟಿಗೆಯನ್ನು ಎತ್ತಿ ನೆಲಕ್ಕೆ ಅಪ್ಪಳಿಸಿದ. ಮುಚ್ಚಳ ಬಾಗಿತು. ಎರಡನೆಯ ಸಲ ಎತ್ತುವಷ್ಟರಲ್ಲಿ ಆಚಾರ್ಯರು ತೆವಳಿಕೊಂಡು ಬಂದು ಪೆಟ್ಟಿಗೆಯ ಕೆಳಗೇ ಬಿದ್ದರು. ಅದು ಅವರ ಪಕ್ಕೆಯ ಮೇಲೆ ಇಳಿಯಿತು. ಎಲುಬು ಲಟಕ್ಕೆಂದದ್ದು ಅವರಿಗೇ ಕೇಳಿಸಿತು. ಆಗ ಬಾಗಿಲು ಮುರಿಯಿತು. ಮಕ್ತುಮಸಾಬ ನಟ್ಟು ಬಿಗಿಯುವ ದೊಡ್ಡ ಪಾನಾ ಹಿಡಿದು ಒಳಗೆ ಬಂದು ಗುದ್ಲೆಪ್ಪನ ಮೊಣಕಾಲಿಗೆ ಬೀಸಿದ. ಗುದ್ಲೆಪ್ಪ ಕುಸಿದ. ಹಿಂದಿನಿಂದ ನುಗ್ಗಿದ ಕೂಲಿಗಳು ಅವನನ್ನು ಅಂಗಳಕ್ಕೆ ಎಳೆದೊಯ್ದರು. ಅಂಗಳದಲ್ಲಿ ನಡೆದದ್ದನ್ನು ಆಚಾರ್ಯರು ನೋಡಲಿಲ್ಲ, ಕೇಳಿದರು. ಪೊಲೀಸರು ಬಂದಾಗ ಅವನಿಗೆ ಉಸಿರಿತ್ತು, ಅಷ್ಟೇ.

ಆ ಸಂಜೆ ಪಕ್ಕೆಗೆ ಬಟ್ಟೆ ಬಿಗಿದುಕೊಂಡು ಮನೆಯಲ್ಲಿ ಕೂತ ಆಚಾರ್ಯರು ಪೆಟ್ಟಿಗೆಯಿಂದ ತಂದ ಒಂಬತ್ತೂ ಚೀಟಿಗಳನ್ನು ಒಂದೊಂದಾಗಿ ಒಲೆಗೆ ಹಾಕಿದರು. ಹೆಂಡತಿ ಪದ್ಮಾಬಾಯಿ ಊದುಗೊಳವೆಯಿಂದ ಬೆಂಕಿ ಊದಿದರು. ಎಲ್ಲ ಬೂದಿಯಾದ ಮೇಲೆ ಆಚಾರ್ಯರು ಹೊಸ ಹಾಳೆ ತೆಗೆದುಕೊಂಡು ಆ ಕೊನೆಯ ಭಾಗವನ್ನು ಬರೆದು ನೋಡಿದರು: ‘ಹಲವರು ಹೇಳಿದಂತೆ, ಸಿಟ್ಟು ಬಂದಾಗ ಮುಕಾದಮರು ತಡೆದುಕೊಳ್ಳುವುದಿಲ್ಲ. ಕೆಲಸ ಬಲ್ಲವರೆಂಬ ಗೌರವ ಎಲ್ಲರಿಗೂ ಇದೆ, ಅಂಜಿಕೆಯಿಂದ ಆ ಗೌರವ ಕೆಡುತ್ತಿದೆ.’ ಅಷ್ಟೇ ಸಾಕಿತ್ತು. ಅದರಲ್ಲಿ ಸುಳ್ಳೂ ಇರಲಿಲ್ಲ, ಊರೂ ಇರಲಿಲ್ಲ. ಅವರು ಹಾಳೆಯ ಮೇಲೆ ತಲೆಯಿಟ್ಟು ಅತ್ತರು.

ನಾಲ್ಕನೆಯ ದಿನ ಸಾಹೇಬರೇ ಮನೆಗೆ ಬಂದರು. ಫ್ಯಾಕ್ಟರಿಯ ಕಮಿಟಿಯವರು ಗುದ್ಲೆಪ್ಪನನ್ನು ತೆಗೆದುಹಾಕಲು ಸಾಕ್ಷಿ ಕೇಳುತ್ತಿದ್ದಾರೆ, ಅವನ ಮೇಲೆ ಹೇಳಿದವರ ಹೆಸರು ಬೇಕಾಗಿದೆ ಎಂದರು. ಹಾಡಹಗಲು ಅರವತ್ತು ಜನ ಕಣ್ಣಾರೆ ಕಂಡದ್ದಕ್ಕೆ ಅವರೇ ಸಾಕ್ಷಿ, ನಂಬಿ ಹೇಳಿದವರನ್ನು ಅದರಲ್ಲಿ ಎಳೆಯಬೇಡಿರಿ ಎಂದು ಆಚಾರ್ಯರು ತೊದಲುತ್ತ ಹೇಳಿದರು. ಸಾಹೇಬರು ತಲೆ ತಗ್ಗಿಸಿ ಹೋದರು.

ಮರುದಿನ ಆಚಾರ್ಯರು ಕೋಲೂರಿಕೊಂಡು ಕರೆವ್ವನ ಮನೆಗೆ ನಡೆದರು. ಕಟ್ಟೆಯ ಮೇಲೆ ನೀಲಪ್ಪ ಕೂತಿದ್ದ. ತಪ್ಪು ನನ್ನದು, ಹೆಸರು ಬರೆಯದೆಯೂ ನಾನೇ ತೋರಿಸಿಕೊಟ್ಟೆ ಎಂದು ಅವರು ಅವನ ಎದುರು ನಿಂತು ಹೇಳಿದರು. ನೀಲಪ್ಪ ಎದ್ದು ಅವರ ಕಪಾಳಕ್ಕೆ ಬಿಗಿದ. ಆಚಾರ್ಯರು ತಡವರಿಸಿ ಗೋಡೆ ಹಿಡಿದರು. ಅವರ ಬಾಯಿಂದ ಮತ್ತೆ ರಕ್ತ ಬಂದುದನ್ನು ಕಂಡು ಅವನು ಕೈ ಕೆಳಗಿಳಿಸಿದ.

ಒಳಗೆ ಕರೆವ್ವ ಚಾಪೆಯ ಮೇಲೆ ಮಲಗಿದ್ದಳು. ಕೈ ದೊಡ್ಡ ಗಂಟಾಗಿ ಎದೆಯ ಮೇಲಿತ್ತು. ಜೊತೆಯ ನಾಲ್ಕಾರು ಹೆಂಗಸರು ಗೋಡೆಗೆ ಆತು ಕೂತಿದ್ದರು.

“ನಾ ಒಬ್ಬಾಕೀನ ಹೇಳೇನೇನ್ರಿ, ಆಚಾರ್ರ?” ಎಂದು ಕರೆವ್ವ ಕೇಳಿದಳು.

“ಒಬ್ಬಾಕಿ ಅಲ್ಲವಾ. ನಿನ್ನಂಗ ಇನ್ನೂ ಹೇಳ್ಯಾರ.”

“ಯಾರು?”

ಆ ಗೋಡೆಯ ಬದಿಯಲ್ಲಿ ಕೂತವರಲ್ಲಿ ಇಬ್ಬರು ತೂಕದ ಕೋಣೆಗೆ ಬಂದವರು. ಅತ್ತ ಕಣ್ಣು ಹೊರಳಿದರೆ ಸಾಕು, ಎಲ್ಲರಿಗೂ ತಿಳಿಯುತ್ತದೆ. ಆಚಾರ್ಯರು ಸಗಣಿ ಸಾರಿಸಿದ ನೆಲವನ್ನು ಬಿಟ್ಟು ಬೇರೇನೂ ನೋಡಲಿಲ್ಲ.

“ನನ್ನ ಹೆಸರಿಗಷ್ಟ ಬಾಗಲಾ ತಗದೀರಿ,” ಎಂದಳು ಕರೆವ್ವ. “ಅವರದಕ್ಕ ಕೀಲೀ ಬಾಯಾಗ ಇಟಗೊಂಡ್ರಂತ.”

“ಹೌದವಾ,” ಎಂದರು ಆಚಾರ್ಯರು. “ನಿನಗ ಮಾಡಿದ್ದು ಇನ್ನೊಬ್ಬರಿಗೆ ಮಾಡಂಗಿಲ್ಲ. ನೀ ಉಗುಳಿದರೂ ಹೇಳಂಗಿಲ್ಲ.”

ಆಮೇಲೆ ಗೋಡೆಯ ಬದಿಯಿಂದ ಬಳೆಯ ಸದ್ದಾಯಿತು. ಹದಿನಾರನೆಯ ಮಷೀನಿನ ಹಾಲವ್ವ ಎದ್ದು ಬಂದು ಕರೆವ್ವನ ಚಾಪೆಯ ಬಗಲಿಗೆ ಕೂತಳು.

“ನಾನೂ ಹೇಳೇನಿ,” ಎಂದಳು.

ಕರೆವ್ವ ಆಚಾರ್ಯರ ಮುಖ ನೋಡಿದಳು, ಖರೆಯೇ ಎಂಬಂತೆ. ಆಚಾರ್ಯರು ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ, ನೆಲದಿಂದ ಕಣ್ಣೆತ್ತಲಿಲ್ಲ. ಹಾಲವ್ವ ಕರೆವ್ವನ ಗಾಯವಿಲ್ಲದ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.