ನಾನೂರ ಹನ್ನೆರಡನೇ ಪುಟ

ಚಿತ್ರಾ ಎಂಟನೆಯ ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದಳು. ಸಾವಾದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಎದುರುಮನೆಯವರು ಎರಡು ಫ್ಲಾಸ್ಕು ಕಳಿಸಿದ್ದರು. ಸಿಂಗಾಪುರವೆಂಬ ಹಳ್ಳಿಯ ಆ ಪುಟ್ಟ ಮನೆಯ ಪಡಸಾಲೆಯಲ್ಲಿ ಕೃಷ್ಣವೇಣಿಯನ್ನು ಮಲಗಿಸಿದ್ದರು. ಬೆಳಿಗ್ಗೆ ತಾರಸಿಯಲ್ಲಿ ಬಟ್ಟೆ ಹರವುತ್ತಿದ್ದವಳು ಹಾಗೇ ಕುಸಿದುಬಿದ್ದಿದ್ದಳು. ನಾಡಕಚೇರಿಯಲ್ಲಿ ಅವಳದೂ ಚಿತ್ರಾಳದೂ ಅಕ್ಕಪಕ್ಕದ ಮೇಜು, ಹನ್ನೊಂದು ವರ್ಷ.

"ಅಂಥವರು ಇನ್ನೊಬ್ರು ಬರಲ್ಲಮ್ಮ ನಮ್ ಆಫೀಸಿಗೆ," ಎಂದರು ಉಪ ತಹಶೀಲ್ದಾರ್ ಆನಂದಪ್ಪ, ಕಾಫಿ ತೆಗೆದುಕೊಳ್ಳುತ್ತ. "ಎಂಥ ತಾಳ್ಮೆ ರೀ."

"ಹೌದು ಸಾರ್," ಎಂದಳು ಚಿತ್ರಾ. ಬೆಳಗಿನಿಂದ ಇದು ಆರನೆಯ ಸಲ. ಹನ್ನೊಂದು ವರ್ಷದಲ್ಲಿ ತನ್ನ ತಾಳ್ಮೆಯನ್ನು ಯಾರಾದರೂ ಒಮ್ಮೆಯಾದರೂ ಹೊಗಳಿದ್ದರೇ ಎಂದು ಅವಳು ಹುಡುಕಿ ನೋಡಿದಳು. ನೆನಪಿಗೆ ಬರಲಿಲ್ಲ.

"ಆ ಮುನಿವೆಂಕಟಮ್ಮನ ಕೇಸು ಏನಾಯ್ತೋ," ಎಂದರು ಆನಂದಪ್ಪ. "ಕಾಗದ ಸಿಕ್ತು ಅಂತ ನಿನ್ನೆ ಆ ಅಜ್ಜಿಗೆ ಫೋನ್ ಮಾಡಿದ್ರಂತೆ. ಎಲ್ಲಿ ಸಿಕ್ತೂಂತ ಹೇಳಲಿಲ್ಲ. ಸೋಮವಾರ ವಿಚಾರಣೆ. ನಿಮ್ಗೇನಾದ್ರೂ ಹೇಳಿದ್ರಾ?"

"ಇಲ್ಲ ಸಾರ್."

ಮಾತು ತಾನಾಗಿ ಬಂದುಬಿಟ್ಟಿತು.

*

ಮುನಿವೆಂಕಟಮ್ಮನ ಗಂಡನಿಗೆ ಸರ್ಕಾರ ಎರಡೆಕರೆ ಮಂಜೂರು ಮಾಡಿದ್ದು ಎಪ್ಪತ್ತೆಂಟರಲ್ಲಿ. ಈಗ ಆ ನೆಲ ತನ್ನದೆಂದು ಬಡಾವಣೆ ಮಾಡಿ ಮಾರುವವನೊಬ್ಬ ಅರ್ಜಿ ಹಾಕಿದ್ದ. ಮಂಜೂರಾತಿ ಆದೇಶ ತೋರಿಸದಿದ್ದರೆ ಮುದುಕಿಗೆ ನೆಲವಿಲ್ಲ. ಎರಡು ವರ್ಷದ ಹಿಂದೆ ಅವಳು ನಕಲು ಕೇಳಿದಾಗ ಚಿತ್ರಾ ಒಂದು ಮಧ್ಯಾಹ್ನ ಆ ಊರಿನ ಕಡತಗಳ ಕಟ್ಟು ಬಿಚ್ಚಿ ನೋಡಿ, "ಕಡತ ಲಭ್ಯವಿಲ್ಲ" ಎಂದು ಹಿಂಬರಹ ಬರೆದು ಸಹಿ ಹಾಕಿದ್ದಳು.

ಹಳೆಯ ಕಟ್ಟುಗಳೆಲ್ಲ ಸ್ಕ್ಯಾನ್ ಆಗಿ ಮೂವತ್ತೊಂದು ಪಿಡಿಎಫ್‌ಗಳಾಗಿ ಬಂದಿದ್ದವು. ಆದರೆ ಏನು ಟೈಪಿಸಿ ಹುಡುಕಿದರೂ ಸೊನ್ನೆ.

"ಇವು ಬರೀ ಫೋಟೋ ಕಣೇ," ಎಂದಿದ್ದಳು ಕೃಷ್ಣವೇಣಿ. "ನಮ್ ಕಣ್ಣಿಗೆ ಅಕ್ಷರ, ಕಂಪ್ಯೂಟರಿಗೆ ಬರೀ ಮಸಿ. ಅದಕ್ಕೆ ಓದಕ್ಕೆ ಕಲಿಸ್ಬೇಕು."

ಪುಕ್ಕಟೆ ಸಿಗುವ ತಂತ್ರಾಂಶವೊಂದನ್ನು ಅವಳು ಮಗಳಿಂದ ಕಲಿತುಬಂದಳು. ಮೊದಲು ಓರೆಯಾಗಿ ಸ್ಕ್ಯಾನ್ ಆಗಿದ್ದ ಪುಟಗಳನ್ನು ನೆಟ್ಟಗೆ ಮಾಡಿಸಿದಳು. ಭಾಷೆ ಕನ್ನಡ, ಜೊತೆಗೆ ಇಂಗ್ಲಿಷ್ ಎಂದು ಕೊಟ್ಟು ಒಂದೊಂದೇ ಕಡತ ಓಡಿಸಿದಳು. ಪುಟದ ಚಿತ್ರ ಇದ್ದ ಹಾಗೇ ಇರುತ್ತಿತ್ತು. ಅದರ ಹಿಂದೆ ಕಣ್ಣಿಗೆ ಕಾಣದ ಅಕ್ಷರಗಳ ಪದರವೊಂದು ಸೇರಿಕೊಳ್ಳುತ್ತಿತ್ತು. ಕೈಬರಹದ ಪುಟಗಳಲ್ಲಿ ಬಂದದ್ದೆಲ್ಲ ಅಸಂಬದ್ಧ. ಬೆರಳಚ್ಚಿನ ಪುಟಗಳು ಮುಕ್ಕಾಲು ಪಾಲು ಸರಿಯಾಗಿ ಬಂದವು. ಮೂರು ವಾರ ಹಿಡಿಯಿತು. ಮಂಜೂರಾತಿ ಆದೇಶಗಳು ಬೆರಳಚ್ಚಿನವೇ. ಆದರೂ ಮುನಿವೆಂಕಟಮ್ಮನ ಗಂಡನ ಹೆಸರು ಕೊಟ್ಟರೆ ಏನೂ ಸಿಗಲಿಲ್ಲ.

"ಹೋಗ್ಲಿ ಬಿಡು ವೇಣಿ, ಇಲ್ದಿದ್ದನ್ನ ಎಲ್ಲಿಂದ ತರ್ತೀಯ?" ಎಂದಿದ್ದಳು ಚಿತ್ರಾ. ಅವಳಿಗೆ ಒಳಗೊಳಗೇ ಹಾಯೆನಿಸಿತ್ತು.

ನಿನ್ನೆ ಮಧ್ಯಾಹ್ನ ಕೃಷ್ಣವೇಣಿ ಮುದುಕಿಗೆ ಫೋನ್ ಮಾಡಿ, ಹೊಲದ ನಾಲ್ಕೂ ದಿಕ್ಕಿಗೆ ಏನೇನಿತ್ತು ಎಂದು ಕೇಳಿದಳು. ಪೂರ್ವಕ್ಕೆ ಊರಿನ ಮರಗಳ ಗುಂಡುತೋಪು, ಉತ್ತರಕ್ಕೆ ನೀರಿನ ಕುಂಟೆ. ಮಂಜೂರಾತಿ ಆದೇಶದಲ್ಲಿ ನೆಲದ ಎಲ್ಲೆಗಳನ್ನೂ ಬರೆದಿರುತ್ತಾರೆ. ಮೂವತ್ತೊಂದು ಕಡತದಲ್ಲೂ ಒಟ್ಟಿಗೆ "ಗುಂಡುತೋಪು" ಹುಡುಕಿದಾಗ ಒಂಬತ್ತು ಕಡೆ ಸಿಕ್ಕಿತು. ಏಳನೆಯದೇ ಅದು: ಪಕ್ಕದ ಊರಿನ ಕಟ್ಟಿನಲ್ಲಿ, ಇಪ್ಪತ್ತೇಳನೇ ಕಡತ, ನಾನೂರ ಹನ್ನೆರಡನೇ ಪುಟ. ಗಂಡನ ಹೆಸರಿನ ಮೇಲೆ ಸರಿಯಾಗಿ ಕಚೇರಿಯ ಮೊಹರು ಬಿದ್ದಿತ್ತು. ಮನುಷ್ಯರ ಕಣ್ಣು ಓದಬಹುದಾದ ಹೆಸರು. ಯಂತ್ರಕ್ಕೆ ಅದು ಮೊಹರಿನ ಮಸಿಯಾಗಿಯೇ ಉಳಿದಿತ್ತು. ಸಿಕ್ಕಿತೆಂದಷ್ಟೇ ಮುದುಕಿಗೆ ಮತ್ತೆ ಫೋನ್ ಮಾಡಿ ಹೇಳಿದಳು ಕೃಷ್ಣವೇಣಿ.

"ಬೇರೆ ಊರಿನ ಕಟ್ಟಿಗೆ ಸೇರಿಸ್ಬಿಟ್ಟಿದಾರೆ ನೋಡೇ. ಸೋಮವಾರ ಬೆಳಿಗ್ಗೆ ರೆಕಾರ್ಡ್ ರೂಮಿಂದ ಮೂಲ ತೆಗೆಸಿ ಸಾಹೇಬ್ರಿಗೆ ಕೊಡ್ತೀನಿ," ಎಂದಿದ್ದ ಕೃಷ್ಣವೇಣಿ, ಚಿತ್ರಾಳ ಮುಖ ನೋಡಿ ಮೆಲ್ಲಗೆ ಸೇರಿಸಿದ್ದಳು: "ಆ ಹಿಂಬರಹದ ಬಗ್ಗೆ ಯೋಚಿಸ್ಬೇಡ. ನಿನ್ ತಪ್ಪಲ್ಲ ಅಂತ ನಾನೇ ಹೇಳ್ತೀನಿ."

ಹುಡುಕಿದ್ದನ್ನಾದರೂ ಸಹಿಸಬಹುದಿತ್ತು. ಆ ಕರುಣೆಯನ್ನು ಚಿತ್ರಾಳಿಂದ ಸಹಿಸಲಾಗಲಿಲ್ಲ.

*

ಹನ್ನೊಂದರ ಹೊತ್ತಿಗೆ ಮುನಿವೆಂಕಟಮ್ಮ ಬಂದಳು. ಸೀದಾ ಹೋಗಿ ಕೃಷ್ಣವೇಣಿಯ ಎರಡೂ ಪಾದ ಹಿಡಿದು ಕೂತುಬಿಟ್ಟಳು.

"ಸಿಕ್ತು ಅಂದ್ಯಲ್ಲವ್ವ. ಎಲ್ಲಿ ಅಂತ ಏಳ್ದೆ ಓಗ್ಬಿಟ್ಯಲ್ಲ. ನಾನೀಗ ಯಾರ್ನ ಕೇಳ್ಲಿ?"

ಕೃಷ್ಣವೇಣಿಯ ಗಂಡ ಗುರುಚರಣ್ ಗೋಡೆಯ ಕಡೆ ತಿರುಗಿಕೊಂಡ. ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ತಾನು ಸತ್ತರೆ ಹೀಗೆ ಕಾಲು ಹಿಡಿದು ಅಳಲು ಯಾರು ಬರುತ್ತಾರೆ? ಚಿತ್ರಾ ಲೆಕ್ಕ ಹಾಕಿದಳು. ಮನೆಯವರನ್ನು ಬಿಟ್ಟರೆ ಒಬ್ಬರೂ ಇರಲಿಲ್ಲ.

"ಹೊರಡಿಸ್ಬೇಕು, ಅಜ್ಜೀನ ಸ್ವಲ್ಪ ಎಬ್ಬಿಸಮ್ಮ," ಎಂದರು ಯಾರೋ.

ಚಿತ್ರಾ ಹೋಗಿ ಬಗ್ಗಿದಳು. ಮುದುಕಿಯ ತೋಳು ಹಿಡಿದು ಎಬ್ಬಿಸಿ ಜಗಲಿಗೆ ಕರೆತಂದಳು.

"ನೀನೂ ಅದೇ ಆಪೀಸ್ನೋಳಲ್ವಾ?" ಮುನಿವೆಂಕಟಮ್ಮ ಅವಳನ್ನು ದಿಟ್ಟಿಸಿದಳು. "ಇಲ್ಲ ಅಂತ ಬರ್ಕೊಟ್ಟೋಳು ನೀನೇ ಅಲ್ವಾ?"

"ನಾನೇ."

"ಇನ್ನೊಂದು ಕಿತ ನೋಡವ್ವ. ಅವ್ಳು ಸುಳ್ಳೇಳೋಳಲ್ಲ. ಅಲ್ಲೇ ಎಲ್ಲೋ ಐತೆ."

ಒಳಗೆ ಹೆಣ ಎತ್ತುವ ಗಡಿಬಿಡಿ ಶುರುವಾಯಿತು. ಇಪ್ಪತ್ತೇಳು, ನಾನೂರ ಹನ್ನೆರಡು ಎಂದು ಮನಸ್ಸಿನಲ್ಲೇ ಹೇಳಿಕೊಂಡಳು ಚಿತ್ರಾ. ಇದನ್ನು ಬಲ್ಲವರು ಈಗ ಅವಳೊಬ್ಬಳೇ. ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಬೇಕು. ಕಟ್ಟನ್ನು ತಾನೇ ಇಳಿಸಬೇಕು. ಮೈಮೇಲಿನ ಧೂಳನ್ನೂ ಒರೆಸಿಕೊಳ್ಳದೆ ಸಾಹೇಬರ ಮುಂದೆ ನಿಲ್ಲಬೇಕು. ಮತ್ತೆ ಹುಡುಕಿದೆ ಸಾರ್, ಸಿಕ್ಕಿತು ಎನ್ನಬೇಕು.

"ಸೋಮವಾರ ಬನ್ನಿ ಅಜ್ಜಿ. ಹುಡುಕಿಕೊಡ್ತೀನಿ," ಎಂದಳು.

ಮುನಿವೆಂಕಟಮ್ಮ ಅವಳ ಎರಡೂ ಕೈ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಕೃಷ್ಣವೇಣಿಯ ಪಾದಗಳಿಗೆ ಹಚ್ಚಿದ್ದ ಅರಿಶಿನ ಮುದುಕಿಯ ಬೆರಳುಗಳಲ್ಲಿ ಇನ್ನೂ ಹಸಿಯಾಗಿತ್ತು. ಅದು ಚಿತ್ರಾಳ ಅಂಗೈಗೂ ಹತ್ತಿತು. ಅವಳ ಹಿಂದಿನಿಂದ ಚಟ್ಟ ಗೇಟು ದಾಟಿತು. ಚಿತ್ರಾ ತಿರುಗಿ ನೋಡಲಿಲ್ಲ, ಕೈಯನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.