ಉದ್ದೇಶಪತ್ರದ ಮೂರನೆಯ ಪ್ಯಾರಾ

"ಕಥೆ ಅಂದರೆ ಇಷ್ಟ ಅಂತ ಎಲ್ಲರೂ ಬರೀತಾರಮ್ಮ. ನಿನ್ನ ಪ್ರಶ್ನೆ ಯಾವುದು? ಉದಾಹರಣೆ ಎಲ್ಲಿ?" ಎಂದು ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಅನುಶ್ರೀಯ ಮೊದಲ ಕರಡನ್ನು ಹಿಂದಿರುಗಿಸಿದ್ದರು. ಸಾಹಿತ್ಯದ ಎಂ.ಎ.ಗೆ ಅವಳು ಅರ್ಜಿಯೊಂದಿಗೆ ಕಳಿಸಬೇಕಾದ ಉದ್ದೇಶಪತ್ರ ಅದು.

ಎರಡನೆಯ ಕರಡಿನಲ್ಲಿ ಎಲ್ಲವೂ ಇತ್ತು. ಸಸ್ಯಶಾಸ್ತ್ರ ಓದಿದವಳಿಗೆ ಕಥನದ ಗೀಳು ಹತ್ತಿದ್ದು ಹೇಗೆ, ಮುಂದೆ ಸಂಶೋಧಿಸಬೇಕೆಂದಿರುವುದು ಏನು: ಕೇಳುವವರು ಬದಲಾದಾಗ ಒಂದೇ ಸಾವಿನ ಕಥೆ ಹೇಗೆ ಬದಲಾಗುತ್ತದೆ? ಉದಾಹರಣೆಗೆ, ಜೋಳದ ಹೊಲದಲ್ಲಿ ಆನೆ ತುಳಿದು ಸತ್ತ ಚಿಕ್ಕಪ್ಪ ಶಿವಮೂರ್ತಿ.

"ಸೀಟು ತರೋದು ಈ ಮೂರನೇ ಪ್ಯಾರಾನೇ," ಎಂದರು ಮೇಷ್ಟ್ರು. "ನಿಮ್ಮ ಚಿಕ್ಕಮ್ಮನ್ನ ಕೇಳಿ ಬರೆದೆ ತಾನೆ?"

"ಹೂಂ ಸಾರ್." ಕೇಳಿರಲಿಲ್ಲ.

ಸತ್ತ ಮಗನ ಹೆಸರು ಯೂನಿವರ್ಸಿಟಿಗೆ ಹೋಗುತ್ತಿದೆ ಎಂಬ ಸುದ್ದಿಯನ್ನು ಅಜ್ಜಿ ಗುರುಲಿಂಗಮ್ಮನಿಗೆ ಮುಟ್ಟಿಸಿದವಳೂ ಅನುಶ್ರೀಯೇ. ಮಧ್ಯಾಹ್ನ ಜಗಲಿಯಲ್ಲಿ ಅತ್ತೆ ಸೊಸೆ ಅವರೆಕಾಯಿ ಸುಲಿಯುತ್ತಿದ್ದರು.

"ಓದಮ್ಮಿ, ನನ್ ಮಗನ್ ಇಚಾರ ಏನ್ ಬರ್ದಿದಯ್ಯೋ ಕೇಳವ."

"ಇಂಗ್ಲೀಸ್ನಲ್ಲಿ ಅದ ಕನತ್ತೆ, ಬುಡಿ," ಎಂದಳು ಚಿಕ್ಕಮ್ಮ ಪ್ರೇಮ. ಕೈ ನಿಂತಿತ್ತು.

"ಕನ್ನಡದಲ್ಲೇ ಏಳ್ತಳ. ನಿಂಗ್ಯಾಕಮ್ಮಿ ಉರಿ?"

ಆ ಪ್ಯಾರಾವನ್ನು ಹಾರಿಸಬಹುದಿತ್ತು. ಹಾರಿಸಿದರೆ ಇಬ್ಬರಿಗೂ ತಿಳಿಯುತ್ತಿರಲಿಲ್ಲ. ಆದರೆ ತಾನು ಬರೆದುದರಲ್ಲೆಲ್ಲ ಅದೇ ಚೆನ್ನಾಗಿತ್ತು. ಅನುಶ್ರೀ ನಿಧಾನವಾಗಿ, ಒಂದು ಮಾತೂ ಬಿಡದೆ ಕನ್ನಡದಲ್ಲಿ ಹೇಳಿದಳು. ಫಾರೆಸ್ಟಿನವರಿಗೆ ಚಿಕ್ಕಮ್ಮ ಹೇಳಿದ್ದು, ಗಂಡ ಸಂಜೆಯಿಂದಲೂ ಹೊಲ ಕಾಯುತ್ತಿದ್ದ ಎಂದು. ಅತ್ತೆಗೆ ಹೇಳಿದ್ದು, ತಾನು ಮಲಗಿದ್ದೆ, ಏನೂ ಗೊತ್ತಾಗಲಿಲ್ಲ ಎಂದು. ಅನುಶ್ರೀಯೊಬ್ಬಳಿಗೇ ಹೇಳಿದ್ದು, ಕುಡಿದು ಬಂದವನು ಬಾಗಿಲು ಬಡಿದ, ಹೊಡೆತಕ್ಕೆ ಹೆದರಿ ಚಿಲಕ ತೆಗೆಯಲಿಲ್ಲ, ಅವನು ಬೈಯುತ್ತ ಹೊಲದ ಅಟ್ಟಣೆಗೆ ಹೋದ ಎಂದು.

ಗುರುಲಿಂಗಮ್ಮನ ಮಡಿಲಿನ ಕಾಳು ಜಗಲಿಯ ತುಂಬ ಚೆಲ್ಲಿತು.

"ಬಾಗ್ಲು ತಗೀನಿಲ್ವಾ ನೀನು?"

"ಇಲ್ಲ ಕನತ್ತೆ, ಅವ್ಳು ಸುಮ್ನ ಬರ್ದವ್ಳ, ಕತ ಅದು..."

"ನನ್ ಮಗ ಬಾಗ್ಲು ಬಡ್ದ. ನೀನು ಒಳಗಿದ್ದು ಆನ ಕಾಲ್ಗ ಕಳಿಸ್ದೆ. ಅದ್ಯಾಕಮ್ಮಿ ನನ್ ಕೈಲಿ ಮುದ್ದೆ ಇಕ್ಕುಸ್ಕಂಡ್ ಉಣ್ತಿದ್ದೆ ಇಷ್ಟ್ ದಿನ? ಎದ್ದೇಳು ಮ್ಯಾಕ. ಏನಾಯ್ತು ಅಂತ ನನ್ ಮುಂದ ಏಳು."

ಪ್ರೇಮ ಅನುಶ್ರೀಯನ್ನು ನೋಡಿದಳು. ಸುಳ್ಳು ಎಂದು ಇವಳೊಂದು ಮಾತು ಹೇಳಿದರೆ ಸಾಕಿತ್ತು. ಅನುಶ್ರೀ ಹೇಳಲಿಲ್ಲ. ಚಿಕ್ಕಮ್ಮ ಮೊದಲು ಯಾವುದರಿಂದ ಶುರುಮಾಡುತ್ತಾಳೆ ಎಂದು ಕಾದಳು.

"ಬಾಗ್ಲು ಬಡ್ದಂಗಾಯ್ತು ಕನತ್ತೆ," ಎಂದಳು ಪ್ರೇಮ ಕೊನೆಗೆ. "ಆನೆಯೋ ಏನೋ ಅನ್ಕಂಡಿ."

ಸಂಜೆಯ ಬಸ್ಸಿಗೆ ಪ್ರೇಮಳ ಬಟ್ಟೆಯ ಗಂಟನ್ನು ಗುರುಲಿಂಗಮ್ಮ ತಾನೇ ಹೊತ್ತು ತಂದು ಬೀದಿಗೆ ಹಾಕಿದಳು. ಅನುಶ್ರೀ ಒಳಗೆ ಮೊಬೈಲಿನಲ್ಲಿ ಉದ್ದೇಶಪತ್ರ ತೆರೆದು, 'ಮೂರು ಕಥನಗಳು' ಎಂದಿದ್ದುದನ್ನು 'ನಾಲ್ಕು' ಎಂದು ತಿದ್ದಿದಳು.