ಸೇಬಿನ ಕೋಣೆಯಲ್ಲಿ ಗುಳ್ಳ

ಧರ್ಮಣ್ಣ ಮಾವನಿಗೆ ಬದನೆಯೆಂದರೆ ಪ್ರಾಣ, ಥರ್ಮಾಮೀಟರ್ ಎಂದರೆ ಜ್ವರ ಬಂದವರಿಗೆ ಇಡುವ ವಸ್ತು. ಇವೆರಡರ ನಡುವೆ ಸಿಕ್ಕಿಕೊಂಡು ನಾನು ಅರ್ಧ ಹುಚ್ಚಿಯಾದೆ.

ಮಾವ ನನ್ನ ತಾಯಿಯ ಅಣ್ಣ. ಮುಂಬೈಯ ಚೆಂಬೂರಿನಲ್ಲಿ ಹೋಟೆಲು ಇಟ್ಟು ತಲೆ ನರೆತವರು. ಅವರ ಅಡುಗೆಮನೆಯ ಹಿಂದಿನ ಶೆಡ್ಡಿನಲ್ಲಿ ನಾನು ಕ್ಯಾಟರಿಂಗ್ ಶುರು ಮಾಡಿದ್ದೆ. ಬೋರ್ಡಿನಲ್ಲಿ ನನ್ನ ಹೆಸರೇ ಇದೆ, ರಾಜೀವಿ ಎಂದು. ಆದರೆ ಯಾರಾದರೂ ಕೇಳಿದರೆ ಮಾವ ಹೇಳುವುದು ಒಂದೇ: "ನಮ್ದೇ ಅದು. ಹುಡುಗಿ ಸಹಾಯಕ್ಕೆ ಉಂಟು." ನನಗೆ ನಲವತ್ತಾರು. ಹುಡುಗಿಯಂತೆ.

ಘಾಟ್ಕೋಪರಿನಲ್ಲಿ ನಮ್ಮ ಊರವರ ಒಂದು ಸಂಘವಿದೆ. ವರ್ಷಕ್ಕೊಮ್ಮೆ ಭಾನುವಾರ ಊಟ. ಊಟಕ್ಕೆ ನಮ್ಮ ಊರಿನ ಹಸಿರು ಬದನೆ ಮಟ್ಟುಗುಳ್ಳದ ಹುಳಿ ಆಗಲೇಬೇಕು, ಹೊರಡುವಾಗ ಮನೆಗೊಂದು ಚೀಲ ಗುಳ್ಳ ಕೊಡಲೇಬೇಕು. ಆ ಚೀಲಕ್ಕಾಗಿಯೇ ಬರುವವರು ಅರ್ಧ ಜನ. ಈ ಸಲ ಅಧ್ಯಕ್ಷರಾದ ಅನಿಲಕುಮಾರರು ಆರ್ಡರನ್ನು ನನಗೆ ಕೊಟ್ಟರು, ಮಾವನಿಗಲ್ಲ. ಚೆನ್ನಾಗಿ ನಡೆದರೆ ವರ್ಷವಿಡೀ ಸಂಘದ ಎಲ್ಲ ಊಟಗಳೂ ನನಗೆ. ಕೆಟ್ಟರೆ ನಾನು ಮತ್ತೆ ಸಹಾಯದ ಹುಡುಗಿ.

ತೊಂದರೆ ಇಷ್ಟೇ: ಊರಿನಲ್ಲಿ ಕೊನೆಯ ದೊಡ್ಡ ಕೊಯ್ಲು ಊಟಕ್ಕಿಂತ ಒಂದು ವಾರ ಮೊದಲೇ ಮುಗಿಯುತ್ತಿತ್ತು. ಮತ್ತೂ ಗಿಡದಲ್ಲಿ ಬಿಟ್ಟರೆ ಬೀಜ ಬಲಿತು ಗುಳ್ಳ ಗುಳ್ಳವಾಗಿ ಉಳಿಯುವುದಿಲ್ಲ. ನಲವತ್ತು ಕ್ರೇಟು ತರಿಸಿ ಒಂದು ವಾರ ಇಡಲೇಬೇಕು. ಮಾರ್ಚ್ ತಿಂಗಳ ಮುಂಬೈಯಲ್ಲಿ ಹೊರಗೆ ಇಟ್ಟರೆ ಮೂರೇ ದಿನದಲ್ಲಿ ಸುಕ್ಕು. ಹಾಗಾಗಿ ತುರ್ಭೆಯ ಕೋಲ್ಡ್ ಸ್ಟೋರೇಜಿಗೆ ಹೋದೆ.

ಅಲ್ಲಿನ ಮ್ಯಾನೇಜರ್ ಶಿವಪುತ್ರಪ್ಪ, ವಿಜಯಪುರದ ಕಡೆಯವರು. ಕನ್ನಡ ಕೇಳಿ ಖುಷಿಪಟ್ಟರು. ಮಾಲು ಕೇಳಿ ಮುಖ ಸಣ್ಣ ಮಾಡಿದರು.

"ಬದನಿಕಾಯಿ ಯಾರ್ ಇಡ್ತಾರ್ರಿ ಅಕ್ಕಾರ ಇಲ್ಲೆ? ಸೇಬು ಇಡ್ತಾರ, ಆಲೂಗಡ್ಡಿ ಇಡ್ತಾರ, ಒಣಮೆಣಸಿನಕಾಯಿ ಇಡ್ತಾರ. ಬದನಿಕಾಯಿ ನಾ ಕಂಡಿಲ್ಲ."

"ಈಗ ಕಾಣಿ," ಎಂದೆ. "ಹತ್ತರಿಂದ ಹನ್ನೆರಡು ಡಿಗ್ರಿ. ಹತ್ತಕ್ಕಿಂತ ಕೆಳಗೆ ಇಳಿಯಬಾರದು. ತೇವಾಂಶ ತೊಂಬತ್ತರ ಮೇಲೆ. ಏಳು ದಿನ."

"ಮಾವಿನಹಣ್ಣಿನ ರೂಮಿನ್ಯಾಗ ಜಾಗಾ ಐತ್ರಿ. ಹನ್ನೆರಡ ಡಿಗ್ರಿ. ನೀವು ಕೇಳಿದ್ದ."

"ಮಾವು ಬೇಡ. ಹಣ್ಣಾಗುವಾಗ ಅದರಿಂದ ಗ್ಯಾಸ್ ಬರ್ತದೆ. ಬದನೆಯ ತೊಟ್ಟು ಕಳಚ್ತದೆ."

ಅವರು ಪೆನ್ನು ಕೆಳಗಿಟ್ಟರು. ಮಗಳಿಗೆ ಗಂಡು ಹುಡುಕುವವರೂ ಇಷ್ಟು ಪ್ರಶ್ನೆ ಕೇಳುವುದಿಲ್ಲ ಎನ್ನುವ ಹಾಗೆ ನನ್ನನ್ನು ನೋಡಿದರು. ನಾನು ಬಿಡಲಿಲ್ಲ. ಕಡೆಗೆ ಕ್ಯಾಪ್ಸಿಕಂ, ಸೌತೆಕಾಯಿ ಇಟ್ಟಿದ್ದ ಮೂರನೇ ಕೋಣೆಯಲ್ಲಿ ಜಾಗ ಸಿಕ್ಕಿತು. ಅದು ಹಳೆಯ ಕೋಣೆ, ಬಣ್ಣ ಕಿತ್ತುಹೋಗಿದೆ, ಬಾಗಿಲು ಎರಡು ಸಲ ದೂಡಬೇಕು. ಆದರೆ ಒಳಗೆ ಹನ್ನೊಂದು ಡಿಗ್ರಿ ಗಟ್ಟಿ ನಿಂತಿತ್ತು. ನನ್ನ ಹೆಸರಿನಲ್ಲೇ ಬುಕ್ ಮಾಡಿದೆ. ಗೋಣಿಚೀಲಕ್ಕೆ ಸುರಿಯಬಾರದು, ತೂತಿನ ಕ್ರೇಟಿನಲ್ಲೇ ಇರಬೇಕು, ಐದರ ಮೇಲೆ ಪೇರಿಸಬಾರದು, ಫ್ಯಾನಿನ ಗಾಳಿ ನೇರ ಬಡಿಯಬಾರದು, ನೀರು ತಾಗಿಸಬಾರದು. ಎಲ್ಲವನ್ನೂ ಬರೆಸಿ, ಕೋಣೆಗಳನ್ನು ನೋಡಿಕೊಳ್ಳುವ ಬಸುವಿಗೆ ಬಾಯಲ್ಲೂ ಹೇಳಿದೆ. ಬಸು ಪ್ರತಿಯೊಂದಕ್ಕೂ "ಹೂನ್ರಿ" ಎಂದ. ಅಷ್ಟು ಸಲ ಹೂನ್ರಿ ಕೇಳಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮನೆಗೆ ಬಂದು ಹೇಳಿದರೆ ಮಾವ ನಕ್ಕರು. "ಒಂದು ಬದನೆಗೆ ಇಷ್ಟು ಉಪಚಾರವಾ ಮಾರಾಯ್ತಿ? ತಂಪಿಗೆ ಕೊಟ್ಟ ಮೇಲೆ ತಂಪು ತಂಪೇ ಅಲ್ವಾ? ಹೆಚ್ಚಾದ್ರೆ ಒಳ್ಳೇದೇ."

"ಹೆಚ್ಚಾದ್ರೆ ಹಾಳು ಮಾವ. ಬದನೆ ಚಳಿ ತಡೆಯುದಿಲ್ಲ."

"ಬದನೆಗೆ ಚಳಿಯಂತೆ," ಎಂದು ಗಲ್ಲಾದಲ್ಲಿ ಕೂತು ಎದುರಿನ ಗಿರಾಕಿಗೂ ಹೇಳಿ ನಗಿಸಿದರು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು ನನ್ನ ಮಾತು.

ಲಾರಿ ಬಂತು. ಕ್ರೇಟುಗಳನ್ನು ನಾನೇ ನಿಂತು ಮೂರನೇ ಕೋಣೆಗೆ ಸೇರಿಸಿದೆ. ಹಸಿರು ಮೈ, ಬಿಳಿಯ ಗೆರೆ, ತೊಟ್ಟಿನಲ್ಲಿ ಮುಳ್ಳು, ಒಂದಕ್ಕೂ ಗಾಯವಿಲ್ಲ. ಆಮೇಲೆ ದಿನಾ ಶಿವಪುತ್ರಪ್ಪನವರಿಗೆ ಫೋನು ಮಾಡಿ ಎಷ್ಟು ಡಿಗ್ರಿ ಎಂದು ಕೇಳುತ್ತಿದ್ದೆ. "ಮೂರನೇ ರೂಮು ಹನ್ನೊಂದ್ರಿ ಅಕ್ಕಾರ," ಎನ್ನುತ್ತಿದ್ದರು. ಅವರು ಸುಳ್ಳು ಹೇಳಲಿಲ್ಲ. ಮೂರನೇ ಕೋಣೆ ಹನ್ನೊಂದೇ ಇತ್ತು.

ಊಟದ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ಟೆಂಪೋ ತೆಗೆದುಕೊಂಡು ಹೋದೆ. ಮಾವನೂ ಹತ್ತಿದರು, ಬೇಡವೆಂದರೂ. ಬಾಗಿಲನ್ನು ಎರಡು ಸಲ ದೂಡಿ ಒಳಗೆ ಹೋದರೆ ಕ್ಯಾಪ್ಸಿಕಂ ಇತ್ತು, ಸೌತೆಕಾಯಿ ಇತ್ತು, ಮೂಲೆಯಲ್ಲಿ ನನ್ನ ಆರು ಕ್ರೇಟು ಇತ್ತು. ಉಳಿದದ್ದು ಇರಲಿಲ್ಲ.

"ಮಿಕ್ಕದ್ದು ಎಲ್ಲಿ?"

ಬಸು ಹೆಮ್ಮೆಯಿಂದ ಎದುರಿನ ಹೊಸ ಬಾಗಿಲು ತೋರಿಸಿದ. "ಒಂದನೇ ರೂಮಿಗೆ ಇಟ್ಟೇನ್ರಿ. ಸೇಬಿನ ಜೋಡಿ. ಜಾಗಾ ಅಷ್ಟ ಇತ್ತು, ಅದಕ್ಕ ಆರು ಇಲ್ಲೇ ಉಳದಾವ. ತಪ್ಪು ತಿಳ್ಕೋಬ್ಯಾಡ್ರಿ."

ಒಂದನೇ ಕೋಣೆಯ ಬಾಗಿಲಿನ ಮೇಲೆ ಕೆಂಪು ಅಂಕಿ ಹೊಳೆಯುತ್ತಿತ್ತು: ಎರಡು ಡಿಗ್ರಿ.

"ಯಾರು ಹೇಳಿದ್ದು ನಿನಗೆ?" ಎಂದೆ.

"ಮಾಲಕರ ಬಂದು ಹೇಳಿದ್ರಲ್ರಿ," ಎಂದು ಬಸು ಮಾವನ ಕಡೆ ಕೈ ತೋರಿಸಿದ. "ಮರುದಿನಾನ ಬಂದಿದ್ರು."

ಮಾವ ನಾಚಿಕೊಂಡರು, ಹೊಗಳಿಕೆ ಕೇಳಿದವರಂತೆ. ಲಾರಿ ಬಂದ ಮರುದಿನವೇ ಹೋಟೆಲಿನಲ್ಲಿ ಕರಿದ ಬಿಸ್ಕುಟ್ ರೊಟ್ಟಿಯ ಪೊಟ್ಟಣ ಕಟ್ಟಿಕೊಂಡು, ಟ್ಯಾಕ್ಸಿ ಮಾಡಿ, ನನಗೆ ತಿಳಿಸದೆ ಬಂದಿದ್ದರಂತೆ. ಶಿವಪುತ್ರಪ್ಪ ಆಗ ಆಫೀಸಿನಲ್ಲಿ ಇರಲಿಲ್ಲ. ಹಳೆಯ ಕೋಣೆ ನೋಡಿ ಮಾವನಿಗೆ ಹೊಟ್ಟೆ ಉರಿಯಿತಂತೆ. ಬಸುವಿನ ಕೈಗೆ ರೊಟ್ಟಿ ಇಟ್ಟು, "ನಮ್ಮ ಊರಿನ ಗುಳ್ಳ, ನಿಮ್ಮಲ್ಲಿ ಇದ್ದದ್ದರಲ್ಲಿ ಒಳ್ಳೆ ತಂಪಿನ ಜಾಗದಲ್ಲಿ ಇಡಿ," ಎಂದರಂತೆ. ಹೋಟೆಲಿನವರ ಬುದ್ಧಿಯೇ ಇದು. ಹಾಲಿನವನಿಂದ ಹಿಡಿದು ಮುನ್ಸಿಪಾಲ್ಟಿಯವನ ತನಕ ಇವರು ಎಲ್ಲರನ್ನೂ ತಿಂಡಿ ಕೊಟ್ಟು ಗೆದ್ದವರು. ಥರ್ಮೋಸ್ಟಾಟನ್ನೂ ಹಾಗೇ ಗೆಲ್ಲಬಹುದು ಎಂದುಕೊಂಡರು.

ಅಷ್ಟರಲ್ಲಿ ಶಿವಪುತ್ರಪ್ಪ ಓಡಿ ಬಂದರು. ಬುಕ್ ಮಾಡಿದವರು ಹೇಳದೆ ಮಾಲು ಸರಿಸುವ ಹಾಗಿಲ್ಲ ಎಂದು ಬಸುವನ್ನು ಬೈದರು. ಬಸು ಹೇಳಿದ್ದು ಒಂದೇ ಮಾತು: "ನನಗೇನ್ ಗೊತ್ರಿ. ನಾನ ಮಾಲಕ ಅಂದ್ರು ಇವರು."

ಕ್ರೇಟುಗಳನ್ನು ಹೊರಗೆ ತಂದರು. ನೋಡಲು ಗುಳ್ಳ ಥಳಥಳ ಎನ್ನುತ್ತಿತ್ತು. "ನೋಡು, ಈಗ ಕೊಯ್ದ ಹಾಗೆ ಉಂಟು," ಎಂದು ಮಾವ ಒಂದನ್ನು ಕೈಗೆತ್ತಿಕೊಂಡರು. ನಾನು ಅದನ್ನು ಕಿತ್ತುಕೊಂಡು ಬಸುವಿನ ಚಾಕುವಿನಿಂದ ಅಡ್ಡ ಕೊಯ್ದೆ. ಒಳಗೆ ಬೀಜವೆಲ್ಲ ಕಂದು ತಿರುಗಿತ್ತು, ತಿರುಳು ನೀರು ನೀರಾಗಿತ್ತು. ಇನ್ನೊಂದು ಕೊಯ್ದೆ, ಅದೂ ಹಾಗೇ. ಬೇರೆ ಕ್ರೇಟಿನಿಂದ ಮತ್ತೊಂದು ಕೊಯ್ದೆ. ಟೆಂಪೋ ಚೆಂಬೂರು ತಲುಪುವಷ್ಟರಲ್ಲಿ ಬಿಸಿಲಿಗೆ ಮೈಮೇಲೂ ಗುಳಿ ಬೀಳತೊಡಗಿತು. ಮೂರನೇ ಕೋಣೆಯ ಆರು ಕ್ರೇಟು ಮಾತ್ರ ಕೊಟ್ಟ ಹಾಗೇ ಇತ್ತು.

ದಾರಿಯುದ್ದಕ್ಕೂ ಮಾವ ಮಾತಾಡಿದರು. "ಲಾರಿ ದಾರಿಯಲ್ಲಿ ಕೆಟ್ಟು ನಿಂತಿತು ಅಂತ ಹೇಳುವ. ಅನಿಲಕುಮಾರ ನನ್ನ ಮಾತು ತೆಗೆದು ಹಾಕುದಿಲ್ಲ. ನೀನು ಸುಮ್ನಿರು, ನಾನು ಸುಧಾರಿಸ್ತೇನೆ."

"ನೀವು ಸುಧಾರಿಸಿದ್ದು ಸಾಕು," ಎಂದೆ. "ಲಾರಿ ಡ್ರೈವರ್ ಎಂತ ಮಾಡಿದ್ದಾನೆ ನಿಮಗೆ? ಕೆಟ್ಟದ್ದು ನನ್ನ ಹೆಸರು. ಇಷ್ಟಕ್ಕೂ ನಿಮ್ಮನ್ನು ಅಲ್ಲಿಗೆ ಕರೆದವರು ಯಾರು?"

"ನಿನ್ನ ಆರ್ಡರ್ ಹಾಳಾಗಬಾರದು ಅಂತ ಹೋದದ್ದು," ಎಂದರು ಮಾವ. ಅದು ಸುಳ್ಳಲ್ಲ, ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. ದ್ವೇಷದಿಂದ ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಶೆಡ್ಡಿಗೆ ಬಂದು ಎರಡು ಸಣ್ಣ ಪಾತ್ರೆ ಇಟ್ಟೆ. ಒಂದರಲ್ಲಿ ಮೂರನೇ ಕೋಣೆಯ ಗುಳ್ಳ, ಒಂದರಲ್ಲಿ ಸೇಬಿನ ಕೋಣೆಯದು. ಒಂದೇ ಮಸಾಲೆ, ಒಂದೇ ಉಪ್ಪು. ಎರಡನ್ನೂ ಬಾಳೆಲೆಯಲ್ಲಿ ಹಾಕಿ ಮಾವನ ಮುಂದಿಟ್ಟೆ. ಅವರು ಮೊದಲನೆಯದನ್ನು ಉಂಡರು. ಎರಡನೆಯದರ ಮೊದಲ ತುತ್ತಿಗೇ ಮುಖ ಕಹಿಯಾಯಿತು. ಆದರೂ ಎಲೆಯಲ್ಲಿ ಒಂದು ಹೋಳೂ ಬಿಡದೆ ತಿಂದು ಮುಗಿಸಿದರು. ಎದ್ದು ಕೈ ತೊಳೆಯುವಾಗ ಕೇಳಿದರು:

"ಎಷ್ಟು ಡಿಗ್ರಿ ಅಂತ ಹೇಳಿದ್ದೆ ನೀನು?"

"ಹತ್ತರಿಂದ ಹನ್ನೆರಡು."

ಅವರು ತಲೆಯಾಡಿಸಿದರು.

ಅನಿಲಕುಮಾರರಿಗೆ ನಾನೇ ಫೋನು ಮಾಡಿ ಇದ್ದದ್ದು ಹೇಳಿದೆ: ಹುಳಿಗೆ ಸಾಕಾಗುವಷ್ಟು ಗುಳ್ಳ ಇದೆ, ಚೀಲಕ್ಕೆ ಇಲ್ಲ. "ಬಾಗಿಲಲ್ಲಿ ಜನ ಕೇಳ್ತಾರೆ ರಾಜೀವಿಯವರೇ. ನೀವೇ ಹೇಳಿ," ಎಂದು ಫೋನು ಇಟ್ಟರು.

ಭಾನುವಾರ ಹುಳಿ ಚೆನ್ನಾಗಿಯೇ ಆಯಿತು. ಎರಡೆರಡು ಸಲ ಬಡಿಸಿಕೊಂಡರು. ಮೊದಲ ಪಂಕ್ತಿ ಎದ್ದಿತು. ಮನೆಯಿಂದ ಬಟ್ಟೆಚೀಲ ಮಡಚಿ ತಂದವರು ಸಾಲು ಕಟ್ಟಿ ಬಾಗಿಲಿಗೆ ಬರುತ್ತಿದ್ದರು. ನಾನು ಸೆರಗಿನಲ್ಲಿ ಕೈ ಒರೆಸಿಕೊಂಡು ಅಲ್ಲಿಗೆ ಹೋದರೆ ಮಾವ ಆಗಲೇ ನಿಂತಿದ್ದಾರೆ, ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ, ಖಾಲಿ ಮೇಜಿನ ಹಿಂದೆ.

ಇನ್ನು ಲಾರಿ ಕಥೆ ಶುರುವಾಯಿತು ಎಂದುಕೊಂಡೆ. ಅವರನ್ನು ಹೇಗೆ ಅಲ್ಲಿಂದ ಸರಿಸುವುದೆಂದು ಯೋಚಿಸಿದೆ.

ಮೊದಲು ಬಂದ ಹೆಂಗಸು ಚೀಲ ಬಿಡಿಸಿ ಹಿಡಿದರು. ಮಾವ ಕೈ ಮುಗಿದರು.

"ಗುಳ್ಳ ಇಲ್ಲಮ್ಮ ಈ ಸಲ. ಇದು ರಾಜೀವಿಯ ಆರ್ಡರ್. ಅವಳು ಸರಿಯಾಗಿಯೇ ಇಟ್ಟಿದ್ದಳು, ಇಪ್ಪತ್ತೆರಡು ಡಿಗ್ರಿಯಲ್ಲಿ. ನಾನು ಮಧ್ಯೆ ಬಾಯಿ ಹಾಕಿ ಸೇಬಿನ ಚಳಿಗೆ ಇಡಿಸಿ ಕೆಡಿಸಿದೆ."

"ಹನ್ನೊಂದು," ಎಂದೆ ಹಿಂದಿನಿಂದ.

"ಹನ್ನೊಂದು," ಎಂದರು ಮಾವ.

ಆ ಹೆಂಗಸು ಅವರನ್ನು ಮೇಲಿಂದ ಕೆಳಗೆ ನೋಡಿ, "ಬದನೆಯನ್ನು ನಾನು ಮನೆಯ ಫ್ರಿಜ್ಜಲ್ಲೇ ಇಡುದಿಲ್ಲ. ಹೋಟೆಲಿನವರಿಗೆ ಅಷ್ಟೂ ಗೊತ್ತಿಲ್ವಾ?" ಎಂದು ಚೀಲ ಮಡಚಿಕೊಂಡು ಹೋದರು. ಮಾವನ ಕಿವಿ ಕೆಂಪಾಯಿತು. ಅವರ ಇಡೀ ಜೀವಮಾನದಲ್ಲಿ ಗಿರಾಕಿಯೊಬ್ಬರು ಹಾಗೆ ಅಂದು ಹೋದದ್ದನ್ನು ನಾನು ಕಂಡಿರಲಿಲ್ಲ.

ಎರಡನೆಯವರು ಬಂದರು. ಮಾವ ಮತ್ತೆ ಕೈ ಮುಗಿದರು. "ಇದು ರಾಜೀವಿಯ ಆರ್ಡರ್," ಎಂದು ಮತ್ತೆ ಮೊದಲಿನಿಂದ ಶುರು ಮಾಡಿದರು. ಡಿಗ್ರಿ ಮತ್ತೆ ತಪ್ಪಿತು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ, ಈಗಲೂ ಪೂರ್ತಿ ಇಳಿದಿಲ್ಲ. ಸಾಲು ಬಾಗಿಲಿನಿಂದ ಪಂಕ್ತಿಯ ತನಕ ಬೆಳೆದಿತ್ತು. ನಾನು ಮೇಜಿನ ಹಿಂದೆ ಹೋಗಿ ಅವರ ಪಕ್ಕದಲ್ಲಿ ನಿಂತೆ. ಅವರು ನನ್ನ ಹೆಸರು ಹೇಳುತ್ತಿದ್ದರು, ನಾನು ಡಿಗ್ರಿ ಹೇಳುತ್ತಿದ್ದೆ.